ಟ್ಯಾಲಿ ಆದ ಮಾತ್ರಕ್ಕೆ ಕ್ಯಾಶ್ ಫ್ಲೋ ಸರಿ ಇರುತ್ತದೆಯೇ? ಬ್ಯಾಡಗಿ ಮೆಣಸಿನಕಾಯಿಯ ಒಂದು ಲೆಕ್ಕ

(ಹಾವೇರಿಯಲ್ಲಿ ಬಿ.ಕಾಂ. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ಹಾಗೇ ಇಟ್ಟಿದ್ದೇನೆ.)

ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮಾಡುವಾಗ ನಿಮ್ಮೆಲ್ಲರ ಕಣ್ಣು ಕೊನೆಯ ಸಾಲಿನ ಮೇಲೆ ಇರುತ್ತದೆ. ವರ್ಷದ ಕೊನೆಯ ನಗದು ಬ್ಯಾಲೆನ್ಸ್ ಶೀಟಿನ ನಗದಿಗೆ ಹೊಂದಿದರೆ ಪೆನ್ನು ಕೆಳಗಿಡುತ್ತೀರಿ. ಇವತ್ತು ನಾನು ಹೇಳಬೇಕೆಂದಿರುವುದು ಆ ಸಾಲಿನ ಬಗ್ಗೆಯೇ. ಇನ್‌ಡೈರೆಕ್ಟ್ ವಿಧಾನದಲ್ಲಿ, ಅಂದರೆ ಲಾಭದಿಂದ ಶುರು ಮಾಡಿ ಅದನ್ನು ತಿದ್ದುತ್ತಾ ನಗದಿಗೆ ಬರುವ ವಿಧಾನದಲ್ಲಿ, ಒಳಗೆ ತಪ್ಪು ಇದ್ದರೂ ಕೊನೆಯ ಸಾಲು ಹೊಂದಬಹುದು. ಹೇಗೆ ಅನ್ನುವುದನ್ನು ಒಂದೇ ಲೆಕ್ಕ ಇಟ್ಟುಕೊಂಡು ನೋಡೋಣ.

ಲೆಕ್ಕ ನಮ್ಮ ಜಿಲ್ಲೆಯದೇ ಇರಲಿ. ಬ್ಯಾಡಗಿಯಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಇದು ನಾನು ಕಲ್ಪಿಸಿದ್ದು. ಎಪಿಎಂಸಿಯಲ್ಲಿ ದಲಾಲಿ ಅಂಗಡಿಗಳ ಮೂಲಕ ಮೆಣಸಿನಕಾಯಿ ಕೊಳ್ಳುತ್ತದೆ. ಬಾಡಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತದೆ. ಸ್ವಲ್ಪ ಭಾಗವನ್ನು ಪುಡಿ ಮಾಡಿ, ಉಳಿದದ್ದನ್ನು ಕಾಯಿಯಾಗಿಯೇ ಮಸಾಲೆ ತಯಾರಕರಿಗೆ ಉದ್ರಿ ಮೇಲೆ ಮಾರುತ್ತದೆ. ಇಂಥ ಸಣ್ಣ ಕಂಪನಿ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮಾಡಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುವುದಿಲ್ಲ, ವಿನಾಯಿತಿ ಇದೆ. ಆದರೆ ಸಾಲ ಕೇಳಲು ಹೋದಾಗ ಬ್ಯಾಂಕು ಕೇಳಬಹುದು. ಷೇರು ಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳಿಗಂತೂ ಸೆಬಿ ನಿಯಮದ ಪ್ರಕಾರ ಇನ್‌ಡೈರೆಕ್ಟ್ ವಿಧಾನವೇ ಕಡ್ಡಾಯ.

ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಹೀಗಿದೆ. ಎಲ್ಲವೂ ಲಕ್ಷ ರೂಪಾಯಿಗಳಲ್ಲಿ.

| ವಿವರ | 31 ಮಾರ್ಚ್ 2024 | 31 ಮಾರ್ಚ್ 2025 |
|---|---|---|
| ಷೇರು ಬಂಡವಾಳ | 50 | 60 |
| ರಿಸರ್ವ್ | 46 | 62 |
| ಬ್ಯಾಂಕ್ ಟರ್ಮ್ ಲೋನ್ | 50 | 65 |
| ಕೊಡಬೇಕಾದ ಬಾಕಿ (ಕ್ರೆಡಿಟರ್ಸ್) | 36 | 52 |
| ತೆರಿಗೆಗೆ ಎತ್ತಿಟ್ಟ ಮೊತ್ತ | 6 | 9 |
| ಒಟ್ಟು | 188 | 248 |
| ಯಂತ್ರಗಳು, ಸವಕಳಿ ಕಳೆದು | 60 | 78 |
| ದಾಸ್ತಾನು | 70 | 112 |
| ಬರಬೇಕಾದ ಬಾಕಿ (ಡೆಟರ್ಸ್) | 40 | 52 |
| ನಗದು ಮತ್ತು ಬ್ಯಾಂಕ್ | 18 | 6 |
| ಒಟ್ಟು | 188 | 248 |

ಜೊತೆಗೆ ಇಷ್ಟು ಮಾಹಿತಿ ಕೊಟ್ಟಿದ್ದಾರೆ. ತೆರಿಗೆಗೆ ಮುಂಚಿನ ಲಾಭ 29 ಲಕ್ಷ. ಈ ವರ್ಷದ ತೆರಿಗೆ ಅಂತ ಲಾಭದಿಂದ ತೆಗೆದಿಟ್ಟದ್ದು 8. ಸವಕಳಿ 9. ಬ್ಯಾಂಕಿಗೆ ಕೊಟ್ಟ ಬಡ್ಡಿ 5. ಡಿವಿಡೆಂಡ್ ಕೊಟ್ಟದ್ದು 5. ಪುಸ್ತಕದಲ್ಲಿ 7 ಲಕ್ಷ ಬೆಲೆ ಇದ್ದ ಹಳೆಯ ಪುಡಿ ಯಂತ್ರವನ್ನು 4 ಲಕ್ಷಕ್ಕೆ ಮಾರಿದ್ದಾರೆ.

ತೆರಿಗೆ ಕಳೆದರೂ 21 ಲಕ್ಷ ಲಾಭ. ಆದರೆ ನಗದು 18ರಿಂದ 6ಕ್ಕೆ ಇಳಿದಿದೆ. ಈ 12 ಲಕ್ಷದ ಇಳಿಕೆಗೆ ನಾವು ಉತ್ತರ ಕೊಡಬೇಕು.

ಮೊದಲು, ಪ್ಲಸ್ ಮೈನಸ್ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಆಸ್ತಿ ಏರಿದರೆ ಮೈನಸ್, ಹೊಣೆ ಏರಿದರೆ ಪ್ಲಸ್ ಅಂತ ಬಾಯಿಪಾಠ ಮಾಡಿದ್ದೀರಿ, ಅಲ್ವಾ? ಅದನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಬ್ಯಾಲೆನ್ಸ್ ಶೀಟಿನ ಎರಡು ಬದಿ ಸಮ ಇರುತ್ತವೆ. ನಗದನ್ನು ಮಾತ್ರ ಒಂದು ಕಡೆ ಉಳಿಸಿಕೊಂಡು ಬೇರೆ ಎಲ್ಲವನ್ನೂ ಇನ್ನೊಂದು ಕಡೆ ಒಯ್ಯಿರಿ:

ನಗದು = ಬಂಡವಾಳ + ರಿಸರ್ವ್ + ಸಾಲ + ಕೊಡಬೇಕಾದ ಬಾಕಿಗಳು − ನಗದಲ್ಲದ ಆಸ್ತಿಗಳು

ಈಗ ಒಂದೊಂದು ಸಾಲಿನ ವ್ಯತ್ಯಾಸ ಬರೆಯಿರಿ. ಬಂಡವಾಳ +10, ರಿಸರ್ವ್ +16, ಲೋನ್ +15, ಕ್ರೆಡಿಟರ್ಸ್ +16, ತೆರಿಗೆ +3. ಕೂಡಿದರೆ 60. ಇನ್ನೊಂದು ಕಡೆ ಯಂತ್ರ 18, ದಾಸ್ತಾನು 42, ಡೆಟರ್ಸ್ 12. ಕೂಡಿದರೆ 72. 60ರಲ್ಲಿ 72 ಕಳೆದರೆ −12. ನೋಡಿ, ಇನ್ನೂ ಸ್ಟೇಟ್‌ಮೆಂಟ್ ಶುರುವೇ ಮಾಡಿಲ್ಲ, ಉತ್ತರ ಬಂದುಬಿಟ್ಟಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬ್ಯಾಲೆನ್ಸ್ ಶೀಟ್ ಹೊಂದಿದೆ ಅಂದರೆ ಈ −12 ಬಂದೇ ಬರುತ್ತದೆ. ಅದಕ್ಕೆ ನಿಮ್ಮ ಜಾಣತನ ಬೇಕಿಲ್ಲ. ನಿಮ್ಮ ಕೆಲಸ ಇರುವುದು ಬೇರೆ ಕಡೆ. ವ್ಯಾಪಾರದ ನಗದಿಗೆ ಆಪರೇಟಿಂಗ್, ಯಂತ್ರದಂಥ ಆಸ್ತಿಯ ನಗದಿಗೆ ಇನ್ವೆಸ್ಟಿಂಗ್, ಸಾಲ ಮತ್ತು ಷೇರಿನ ನಗದಿಗೆ ಫೈನಾನ್ಸಿಂಗ್ ಎಂಬ ಮೂರು ಭಾಗಗಳಿಗೆ ಈ ವ್ಯತ್ಯಾಸಗಳನ್ನು ಸರಿಯಾಗಿ ಹಂಚಬೇಕು. ಕೆಲವು ಸಾಲುಗಳನ್ನು ಹಾಗೇ ಎತ್ತಿಡಬಹುದು. ಕೆಲವನ್ನು ಒಡೆದೇ ಹಂಚಬೇಕು.

ಹಾಗೇ ಎತ್ತಿಡಬಹುದಾದ ಸಾಲು ಅಂದರೆ ದಾಸ್ತಾನು. ನಮ್ಮ ಭಾಗದಲ್ಲಿ ಇದರ ಅರ್ಥ ಜಾಸ್ತಿ ಇದೆ. ಮಾರ್ಚ್ 31 ಬರುವುದು ಮೆಣಸಿನಕಾಯಿ ಆವಕದ ಸೀಸನ್ನಿನಲ್ಲೇ. ವರ್ಷವಿಡೀ ಮಾರುವ ಮಾಲನ್ನು ಆ ಕೆಲವು ತಿಂಗಳಲ್ಲಿ ಕೊಂಡು, ಬಣ್ಣ ಕೆಡದಂತೆ ಕೋಲ್ಡ್ ಸ್ಟೋರೇಜಿಗೆ ಹಾಕಿರುತ್ತಾರೆ. ಹೀಗಾಗಿ ಬ್ಯಾಲೆನ್ಸ್ ಶೀಟಿನ ದಿನ ದಾಸ್ತಾನು ತುಂಬಿರುತ್ತದೆ, ಬ್ಯಾಂಕ್ ಖಾತೆ ಖಾಲಿ ಇರುತ್ತದೆ.

ಲಾಭದ ಲೆಕ್ಕ ಇದನ್ನು ನೋಡುವುದೇ ಇಲ್ಲ. ಯಾಕೆ? ಲಾಭ ತೆಗೆಯುವಾಗ ಮಾರಿದ ಚೀಲಗಳ ವೆಚ್ಚವನ್ನು ಮಾತ್ರ ಕಳೆಯುತ್ತೇವೆ. ಆರಂಭದ ದಾಸ್ತಾನು, ಅದಕ್ಕೆ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆಯುತ್ತೇವಲ್ಲ, ಅದು. ಕೋಲ್ಡ್ ಸ್ಟೋರೇಜಿನಲ್ಲಿ ಹೆಚ್ಚಿಗೆ ಕೂತ 42 ಲಕ್ಷದ ಮಾಲು ಲಾಭವನ್ನು ಒಂದು ರೂಪಾಯಿಯೂ ಇಳಿಸಿಲ್ಲ. ಆದರೆ ಆ ಮಾಲಿಗೆ ದುಡ್ಡು ಕೊಡಬೇಕಾಯಿತು. ಅದಕ್ಕೇ ಲಾಭದಿಂದ 42 ಕಳೆಯುತ್ತೇವೆ. ಪೂರ್ತಿ ದುಡ್ಡು ಇನ್ನೂ ಕೊಟ್ಟಿಲ್ಲ, ದಲಾಲಿ ಅಂಗಡಿಯ ಬಾಕಿ ಏರಿದೆ. ಅದಕ್ಕೆ 16 ಮತ್ತೆ ಕೂಡುತ್ತೇವೆ. ಡೆಟರ್ಸ್ ಕೂಡ ಹೀಗೇ. ಮಾರಾಟ ಆಯಿತು, ಲಾಭ ಬರೆದಾಯಿತು, ದುಡ್ಡು ಬಂದಿಲ್ಲ. 12 ಕಳೆಯಿರಿ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ದಾಸ್ತಾನಿನ ಈ 42 ಏರಿಕೆ ಚೀಲಗಳು ಹೆಚ್ಚಾದದ್ದರಿಂದ ಬಂತೋ, ಕೊಂಡ ದರ ಏರಿದ್ದರಿಂದ ಬಂತೋ ಸ್ಟೇಟ್‌ಮೆಂಟ್ ಹೇಳುವುದಿಲ್ಲ. ಅದಕ್ಕೆ ಸ್ಟಾಕ್ ರಿಜಿಸ್ಟರ್ ತೆಗೆದು ಕ್ವಿಂಟಲ್ ನೋಡಬೇಕು.

ಈಗ ಒಡೆಯಬೇಕಾದ ಸಾಲುಗಳಿಗೆ ಬರೋಣ. ಯಂತ್ರದ ಸಾಲು 60ರಿಂದ 78 ಆಗಿದೆ, ವ್ಯತ್ಯಾಸ 18. ಈ 18 ಯಾರೂ ಯಾರಿಗೂ ಕೊಟ್ಟ ದುಡ್ಡಲ್ಲ. ಅದರೊಳಗೆ ಮೂರು ಸಂಗತಿ ಕೂಡಿಕೊಂಡಿವೆ: ಸವಕಳಿ, ಹಳೆಯದರ ಮಾರಾಟ, ಹೊಸದರ ಖರೀದಿ. ಬಿಡಿಸಲು ಒಂದೇ ದಾರಿ, ಆ ಸಾಲಿಗೆ ಖಾತೆ ತೆರೆಯುವುದು. ಆರಂಭ 60. ಸವಕಳಿ 9 ಹೋಯಿತು, 51. ಮಾರಿದ ಯಂತ್ರದ ಪುಸ್ತಕ ಬೆಲೆ 7 ಹೋಯಿತು, 44. ಕೊನೆಗೆ ಇರಬೇಕಾದದ್ದು 78. ಹಾಗಾದರೆ ಹೊಸ ಖರೀದಿ 34. ಗಮನಿಸಿ, ಖಾತೆಯಿಂದ ಕಳೆದದ್ದು ಪುಸ್ತಕ ಬೆಲೆ 7. ಕೈಗೆ ಬಂದ 4 ಇಲ್ಲಿ ಬರುವುದಿಲ್ಲ, ಅದು ಇನ್ವೆಸ್ಟಿಂಗ್ ಭಾಗದಲ್ಲಿ ಬರುತ್ತದೆ. ನಡುವಿನ 3 ಲಕ್ಷ ನಷ್ಟ. ಅದನ್ನು ಲಾಭದಿಂದ ಕಳೆದಿದ್ದಾರೆ, ದುಡ್ಡಂತೂ ಹೋಗಿಲ್ಲ, ಆದ್ದರಿಂದ ಆಪರೇಟಿಂಗ್ ಭಾಗದಲ್ಲಿ ವಾಪಸ್ ಕೂಡಬೇಕು. ಸವಕಳಿ 9 ವಾಪಸ್ ಕೂಡುವುದೂ ಇದೇ ಕಾರಣಕ್ಕೆ. ಸವಕಳಿಯಿಂದ ದುಡ್ಡು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಕಳೆದದ್ದನ್ನು ತಿರುಗಿ ಹಾಕುತ್ತಿದ್ದೇವೆ, ಅಷ್ಟೇ.

ತೆರಿಗೆಯ ಸಾಲಿಗೂ ಖಾತೆ ಬೇಕು. ಆರಂಭ 6, ಈ ವರ್ಷ ಎತ್ತಿಟ್ಟದ್ದು 8, ಕೂಡಿ 14. ಕೊನೆಗೆ ಉಳಿದದ್ದು 9. ಕಟ್ಟಿದ್ದು 5. ಸ್ಟೇಟ್‌ಮೆಂಟಿಗೆ ಹೋಗುವುದು ಈ 5 ಮಾತ್ರ. ರಿಸರ್ವ್ ಸಾಲನ್ನೂ ಪರೀಕ್ಷಿಸಿ: 46ಕ್ಕೆ ತೆರಿಗೆ ಕಳೆದ ಲಾಭ 21 ಕೂಡಿ, ಡಿವಿಡೆಂಡ್ 5 ಕಳೆದರೆ 62. ಸರಿ ಇದೆ. ಬೇರೆ ಯಾವುದೋ ಮೊತ್ತ ಆ ಸಾಲಿನಲ್ಲಿ ಅಡಗಿ ಕೂತಿಲ್ಲ ಅಂತ ಇದರಿಂದ ತಿಳಿಯುತ್ತದೆ.

ಇನ್ನು ಬಡ್ಡಿ. ಕ್ಯಾಶ್ ಫ್ಲೋಗೆ ಇರುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 3ರ ಪ್ರಕಾರ, ಬ್ಯಾಂಕಿನಂಥ ಹಣಕಾಸು ಸಂಸ್ಥೆ ಅಲ್ಲದ ಕಂಪನಿ ಕೊಟ್ಟ ಬಡ್ಡಿ ಫೈನಾನ್ಸಿಂಗ್ ಭಾಗಕ್ಕೆ ಸೇರುತ್ತದೆ. ಆದರೆ 29 ಲಕ್ಷ ಲಾಭ ತೆಗೆಯುವಾಗ ಅದನ್ನು ಆಗಲೇ ಕಳೆದಿದ್ದಾರೆ. ಹಾಗಾಗಿ ಮೇಲೆ 5 ಕೂಡಿ, ಕೆಳಗೆ ಫೈನಾನ್ಸಿಂಗ್‌ನಲ್ಲಿ 5 ಕಳೆಯಬೇಕು.

ಎಲ್ಲ ಸೇರಿಸಿದರೆ ಹೀಗೆ:

| ವಿವರ | ಲಕ್ಷ ರೂ. |
|---|---|
| ತೆರಿಗೆಗೆ ಮುಂಚಿನ ಲಾಭ | 29 |
| ಸವಕಳಿ | +9 |
| ಯಂತ್ರ ಮಾರಿದ ನಷ್ಟ | +3 |
| ಬಡ್ಡಿ | +5 |
| ದಾಸ್ತಾನು ಏರಿಕೆ | −42 |
| ಡೆಟರ್ಸ್ ಏರಿಕೆ | −12 |
| ಕ್ರೆಡಿಟರ್ಸ್ ಏರಿಕೆ | +16 |
| ಕಟ್ಟಿದ ತೆರಿಗೆ | −5 |
| ಆಪರೇಟಿಂಗ್ | +3 |
| ಯಂತ್ರ ಖರೀದಿ | −34 |
| ಯಂತ್ರ ಮಾರಾಟ | +4 |
| ಇನ್ವೆಸ್ಟಿಂಗ್ | −30 |
| ಹೊಸ ಷೇರು | +10 |
| ಟರ್ಮ್ ಲೋನ್ | +15 |
| ಬಡ್ಡಿ | −5 |
| ಡಿವಿಡೆಂಡ್ | −5 |
| ಫೈನಾನ್ಸಿಂಗ್ | +15 |
| ನಗದಿನ ಬದಲಾವಣೆ | −12 |

18ರಲ್ಲಿ 12 ಹೋದರೆ 6. ಹೊಂದಿತು. ದಾಸ್ತಾನು, ಡೆಟರ್ಸ್, ಕ್ರೆಡಿಟರ್ಸ್ ಈ ಮೂರೇ ಸೇರಿ 38 ಲಕ್ಷ ನುಂಗಿವೆ. ವ್ಯಾಪಾರದಿಂದ ಉಳಿದ ನಗದು 3 ಲಕ್ಷ. ಯಂತ್ರಕ್ಕೆ ಹೋದ ದುಡ್ಡು ಬಹುತೇಕ ಸಾಲದಿಂದ, ಷೇರಿನಿಂದ, ಕೈಯಲ್ಲಿದ್ದ ಹಳೆಯ ನಗದಿನಿಂದ ಬಂದಿದೆ.

ಈಗ ಇದೇ ಲೆಕ್ಕವನ್ನು ತಪ್ಪಾಗಿ ಮಾಡೋಣ. ಯಂತ್ರ ಮಾರಿದ ಮಾಹಿತಿಯನ್ನು ಒಬ್ಬ ವಿದ್ಯಾರ್ಥಿ ಓದಲೇ ಇಲ್ಲ ಅಂದುಕೊಳ್ಳಿ. ಅವನು ವ್ಯತ್ಯಾಸ 18ಕ್ಕೆ ಸವಕಳಿ 9 ಕೂಡಿಸಿ, ಖರೀದಿ 27 ಅಂತ ಬರೆಯುತ್ತಾನೆ. ಮಾರಾಟದ 4 ಬರೆಯುವುದಿಲ್ಲ. ನಷ್ಟದ 3 ಕೂಡುವುದಿಲ್ಲ. ಆಗ ಆಪರೇಟಿಂಗ್ ಸೊನ್ನೆ. ಇನ್ವೆಸ್ಟಿಂಗ್ −27. ಫೈನಾನ್ಸಿಂಗ್ +15. ಒಟ್ಟು −12.

ಹೊಂದಿತು! ಇಷ್ಟು ಬರೆದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ, "ಮೇಡಂ, ಟ್ಯಾಲಿ ಆತಲ್ರೀ, ಮತ್ತ ಮಾರ್ಕ್ಸ್ ಯಾಕ ಕಟ್ ಆಗ್ತಾವ?" ನ್ಯಾಯವಾದ ಪ್ರಶ್ನೆ. ಕಟ್ ಆಗುವುದು ಯಾಕೆಂದರೆ, ಮೂರರಲ್ಲಿ ಎರಡು ಭಾಗ ತಪ್ಪಾಗಿವೆ. ಒಂದರಲ್ಲಿ 3 ಕಡಿಮೆ, ಇನ್ನೊಂದರಲ್ಲಿ 3 ಜಾಸ್ತಿ. ಎರಡೂ ಒಂದನ್ನೊಂದು ಮುಚ್ಚಿಹಾಕಿವೆ. ಬಡ್ಡಿಯನ್ನು ಪೂರ್ತಿ ಮರೆತರೂ ಹೀಗೇ ಆಗುತ್ತದೆ: ಆಪರೇಟಿಂಗ್ −2, ಫೈನಾನ್ಸಿಂಗ್ +20, ಒಟ್ಟು ಮತ್ತೆ −12.

ಅಂದರೆ ತಪ್ಪುಗಳಲ್ಲಿ ಎರಡು ಜಾತಿ ಇವೆ. ಒಂದು, ಲೆಕ್ಕ ಹೊಂದದಂತೆ ಮಾಡುವ ತಪ್ಪು. ಇದು ತಾನಾಗಿಯೇ ಸಿಕ್ಕಿಬೀಳುತ್ತದೆ. ದಾಸ್ತಾನಿನ 42 ಕಳೆಯುವ ಬದಲು ಕೂಡಿದರೆ ಉತ್ತರ 84 ಜಾಸ್ತಿ ಬರುತ್ತದೆ. ಆದ್ದರಿಂದ ಹೊಂದದಿದ್ದಾಗ ಮೊದಲು ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ನೋಡಿ. ಬಂದ ಅಂಕಿ ಯಾವುದಾದರೂ ಸಾಲಿನಲ್ಲಿ ಇದ್ದರೆ ಅಲ್ಲಿ ಪ್ಲಸ್ ಮೈನಸ್ ತಿರುಗಿರುವ ಸಂಭವ ಹೆಚ್ಚು. ಡೌಟ್‌ಫುಲ್ ಡೆಟ್ಸ್ ಪ್ರಾವಿಷನ್ನನ್ನು, ಅಂದರೆ ಬರದೇ ಹೋಗಬಹುದಾದ ಬಾಕಿಗೆ ಎತ್ತಿಟ್ಟ ಮೊತ್ತವನ್ನು, ಎರಡು ಸಲ ಕೂಡುವುದೂ ಈ ಜಾತಿಯದೇ. ಪ್ರಾವಿಷನ್ ಕಳೆದ ಡೆಟರ್ಸ್ ಅಂಕಿ ತೆಗೆದುಕೊಂಡಿದ್ದರೆ ಆ ವ್ಯತ್ಯಾಸದಲ್ಲೇ ಪ್ರಾವಿಷನ್ ಸೇರಿರುತ್ತದೆ. ಮತ್ತೆ ಬೇರೆಯಾಗಿ ಕೂಡಿದರೆ ಅಷ್ಟೇ ಮೊತ್ತಕ್ಕೆ ಲೆಕ್ಕ ತಪ್ಪುತ್ತದೆ.

ಎರಡನೆಯ ಜಾತಿ, ಹೊಂದಿಕೊಂಡೇ ಕೂತಿರುವ ತಪ್ಪು. ಒಂದು ಭಾಗದ ಮೊತ್ತ ಇನ್ನೊಂದು ಭಾಗಕ್ಕೆ ಹೋಗಿರುತ್ತದೆ. ಇದನ್ನು ಹಿಡಿಯಲು ಕೊನೆಯ ಸಾಲು ಸಹಾಯ ಮಾಡುವುದಿಲ್ಲ. ಸಹಾಯ ಮಾಡುವುದು ಎರಡು ಅಭ್ಯಾಸ. ಒಡೆಯಬೇಕಾದ ಪ್ರತಿ ಸಾಲಿಗೂ ಖಾತೆ ಬರೆಯುವುದು ಒಂದು. ಕೊಟ್ಟ ಹೆಚ್ಚುವರಿ ಮಾಹಿತಿಯಲ್ಲಿ ಪ್ರತಿ ಅಂಕಿ ಎಲ್ಲೆಲ್ಲಿ ಬಂತು ಅಂತ ಗುರುತು ಹಾಕುವುದು ಇನ್ನೊಂದು. ಸವಕಳಿ ಆಪರೇಟಿಂಗ್‌ನಲ್ಲೂ ಬಂತು, ಯಂತ್ರದ ಖಾತೆಯಲ್ಲೂ ಬಂತು. ಬಡ್ಡಿ ಮೇಲೂ ಕೆಳಗೂ ಬಂತು. ಗುರುತೇ ಬೀಳದ ಅಂಕಿ ಉಳಿದಿದ್ದರೆ, ಟ್ಯಾಲಿ ಆಗಿದ್ದರೂ ಎಲ್ಲೋ ಏನೋ ಬಿಟ್ಟುಹೋಗಿದೆ.

ಕೊನೆಯ ತಪ್ಪು ಬಹಳ ಸೂಕ್ಷ್ಮವಾದದ್ದು. ಕ್ರೆಡಿಟರ್ಸ್ 52 ಅಂತ ಇದೆಯಲ್ಲ, ಅದರಲ್ಲಿ 6 ಲಕ್ಷ ಹೊಸ ಯಂತ್ರ ಕೊಟ್ಟವರಿಗೆ ಕೊಡಬೇಕಾದ ಬಾಕಿ ಅಂದುಕೊಳ್ಳಿ. ಹೋದ ವರ್ಷ ಅಂಥ ಬಾಕಿ ಇರಲಿಲ್ಲ. ಆಗ ನಾವು ಮಾಡಿದ, ಚೆನ್ನಾಗಿ ಹೊಂದಿದ ಸ್ಟೇಟ್‌ಮೆಂಟ್ ಕೂಡ ತಪ್ಪು. ಯಾಕೆ ಅಂದರೆ, ಯಂತ್ರದ ಬೆಲೆ 34 ಇದ್ದರೂ ಈ ವರ್ಷ ಕೈಯಿಂದ ಹೋದದ್ದು 28. ಇನ್ನು ಮಾಲಿನ ಬಾಕಿ 36ರಿಂದ 46ಕ್ಕೆ ಏರಿದೆ, ಅಂದರೆ ಏರಿಕೆ 10 ಮಾತ್ರ, 16 ಅಲ್ಲ. ತಿದ್ದಿ ಬರೆದರೆ ಆಪರೇಟಿಂಗ್ +3 ಇದ್ದದ್ದು −3 ಆಗುತ್ತದೆ. ಇನ್ವೆಸ್ಟಿಂಗ್ −30 ಇದ್ದದ್ದು −24. ಒಟ್ಟು ಅದೇ −12.

ಅಂಕಿ ಸಣ್ಣದು ಅನಿಸಬಹುದು. ಆದರೆ ಲೋನ್ ಕೊಡುವ ಬ್ಯಾಂಕಿನವರ ಜಾಗದಲ್ಲಿ ಕೂತು ನೋಡಿ. ವ್ಯಾಪಾರದಿಂದ ಸ್ವಲ್ಪವಾದರೂ ನಗದು ಉಳಿಯಿತು ಅನ್ನುವುದು ಒಂದು ಮಾತು. ವ್ಯಾಪಾರವೇ ನಗದನ್ನು ತಿಂದಿದೆ ಅನ್ನುವುದು ಬೇರೆಯೇ ಮಾತು. ಯಂತ್ರದವರ ಬಾಕಿಯನ್ನು ದಲಾಲಿ ಅಂಗಡಿಯ ಬಾಕಿಯೊಂದಿಗೆ ಸೇರಿಸಿದ್ದಕ್ಕೆ ಅಭಿಪ್ರಾಯವೇ ತಿರುಗಿತು.

ಷೇರು ಕೊಟ್ಟು ಯಂತ್ರ ಪಡೆದಾಗಲೂ ಇದೇ ತೊಂದರೆ. ಹೊಸ ಷೇರಿನ 10 ಲಕ್ಷಕ್ಕೆ ನಗದು ಬರದೆ, ಅಷ್ಟೇ ಬೆಲೆಯ ಯಂತ್ರ ಬಂದಿದ್ದರೆ, ಅದನ್ನು ಸ್ಟೇಟ್‌ಮೆಂಟಿನಲ್ಲಿ ಎರಡೂ ಕಡೆ ಬಿಡಬೇಕು. ನಗದು ಒಳಗೊಳ್ಳದ ಇಂಥ ವ್ಯವಹಾರವನ್ನು ಬೇರೆಯಾಗಿ ತಿಳಿಸಿದರೆ ಸಾಕು ಅನ್ನುತ್ತದೆ ಎಎಸ್ 3. ಬ್ಯಾಲೆನ್ಸ್ ಶೀಟ್ ವ್ಯತ್ಯಾಸ ನೋಡಿ ಬರೆಯುವವರು +10 ಮತ್ತು −10 ಎರಡನ್ನೂ ಬರೆದುಬಿಡುತ್ತಾರೆ, ಅದೂ ಹೊಂದುತ್ತದೆ.

ಒಬ್ಬ ಹುಡುಗಿಯ ಪ್ರಶ್ನೆ: "ಮೇಡಂ, ಪ್ರಶ್ನೆಪತ್ರಿಕೆಯಲ್ಲಿ ಆ 6 ಲಕ್ಷದ ವಿಷಯ ಕೊಟ್ಟೇ ಇಲ್ಲ ಅಂದ್ರ ನಮಗ ಹೆಂಗ ಗೊತ್ತಾಗಬೇಕ್ರೀ?" ಗೊತ್ತಾಗುವುದಿಲ್ಲ. ಎರಡು ಬ್ಯಾಲೆನ್ಸ್ ಶೀಟ್ ಮಾತ್ರ ಇಟ್ಟುಕೊಂಡು ಅದನ್ನು ಕಂಡುಹಿಡಿಯಲು ಯಾರಿಗೂ ಆಗುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲ ಕ್ರೆಡಿಟರ್ಸನ್ನೂ ಮಾಲಿನ ಬಾಕಿ ಎಂದೇ ತೆಗೆದುಕೊಳ್ಳಿ, ಉತ್ತರದ ಕೆಳಗೆ ಹಾಗೆ ತೆಗೆದುಕೊಂಡಿದ್ದೇನೆ ಅಂತ ಒಂದು ಸಾಲು ಬರೆಯಿರಿ. ನಾಳೆ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಕೂತಾಗ ಹಾಗೆ ಅಂದುಕೊಳ್ಳುವ ಅಗತ್ಯ ಇರುವುದಿಲ್ಲ. ಕ್ರೆಡಿಟರ್ಸ್ ಹೆಸರುಗಳ ಪಟ್ಟಿ ತೆಗೆಸಿ, ಒಂದೊಂದೇ ಲೆಡ್ಜರ್ ತೆರೆದು, ಬಿಲ್ಲು ಮೆಣಸಿನಕಾಯಿಯದೋ ಯಂತ್ರದ್ದೋ ನೋಡಿ. ಮಾರ್ಚ್ ಕೊನೆಯ ವಾರದ ಬಿಲ್ಲುಗಳಿಂದ ಶುರು ಮಾಡಿ. ವರ್ಷದ ಕೊನೆಗೆ ಕೊಂಡ ಯಂತ್ರದ ದುಡ್ಡು ಇನ್ನೂ ಕೊಡದೇ ಉಳಿದಿರುವ ಸಾಧ್ಯತೆ ಅಲ್ಲೇ ಜಾಸ್ತಿ.